ಕನ್ನಡ, ಇಂಗ್ಲಿಷ್ ಹೆಸರು ಬೇರ್ಪಡಿಸಲು ಮೊದಲ ಅಕ್ಷರದ ಕೋಡ್ ಒಂದನ್ನೇ ನಂಬಬೇಡಿ

ಸಂಘದ ಸದಸ್ಯರ ಪಟ್ಟಿ, ಮದುವೆ ಕರೆಯೋಲೆಯ ಪಟ್ಟಿ, ದೇವಸ್ಥಾನದ ಕಾಣಿಕೆದಾರರ ಪಟ್ಟಿ, ಹೀಗೆ ಯಾವುದನ್ನಾದರೂ ಎಕ್ಸೆಲ್‌ನಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎಂದು ಬೇರೆ ಮಾಡಿಸುವವರು ದಯವಿಟ್ಟು ಇದನ್ನು ಓದಿ. ನಮ್ಮ ಸಂಘಕ್ಕೆ ಆದದ್ದು ಇನ್ನೊಬ್ಬರಿಗೆ ಆಗುವುದು ಬೇಡ.

ನಮ್ಮದು ಶಿರಸಿಯಲ್ಲಿರುವ ಸಣ್ಣ ಸಂಘ. ಘಟ್ಟದ ಮೇಲಿನ ಸದಸ್ಯರೂ ಇದ್ದಾರೆ, ಕಾರವಾರದ ಕಡೆಯವರೂ ಇದ್ದಾರೆ. ವಾರ್ಷಿಕ ಸಭೆಯ ನೋಟಿಸ್ ಕಳಿಸಬೇಕಿತ್ತು. ವಿಳಾಸ ಕನ್ನಡದಲ್ಲಿದ್ದರೆ ಕನ್ನಡ ನೋಟಿಸ್, ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷ್ ನೋಟಿಸ್. ಎರಡನ್ನೂ ಬೇರೆ ಮಾಡಿ ಎಣಿಸಿ, ಲಕೋಟೆಗೆ ಅಂಟಿಸುವ ಚೀಟಿ ಪ್ರಿಂಟ್ ಮಾಡಿಕೊಡಿ ಎಂದು ಒಂದು ಡಿಟಿಪಿ ಅಂಗಡಿಗೆ ಕೊಟ್ಟೆವು. ಅವರು ಪಕ್ಕದ ಕಾಲಂನಲ್ಲಿ ಹಾಕಿದ್ದು ಈ ಫಾರ್ಮುಲಾ:

```
=IF(UNICODE(A2)>127,"ಕನ್ನಡ","ಇಂಗ್ಲಿಷ್")
```

ನೋಡಲು ಸರಿಯಾಗಿಯೇ ಇದೆ. ಇಂಗ್ಲಿಷ್ ಅಕ್ಷರಗಳ ಕೋಡ್ 127ರ ಒಳಗೇ ಮುಗಿಯುತ್ತದೆ. ಕನ್ನಡದ್ದು 3200ರಿಂದ 3327ರವರೆಗೆ. ನಡುವೆ ಅಷ್ಟು ಅಂತರ ಇರುವಾಗ ತಪ್ಪುವುದು ಹೇಗೆ ಎಂದು ಅವರು ಹೇಳಿದರು. ಪಟ್ಟಿಯ ಮೇಲಿನ ಸಾಲುಗಳಲ್ಲಿ ತೋರಿಸಿದರು ಕೂಡ. ಎಲ್ಲವೂ ಸರಿ ಇತ್ತು.

ಅಂಚೆಗೆ ಹಾಕಿದ ಮೇಲೆ ಕಾರವಾರದಿಂದ ಫೋನ್ ಬಂತು. "ಇದೆಂತ ಬರೆದಿದ್ದೀರಿ ಮಾರಾಯ್ರೇ? ನಮ್ಮ ಹೆಸರೂ ಇಲ್ಲ, ಊರೂ ಇಲ್ಲ." ಲಕೋಟೆಯ ಮೇಲೆ ಊರಿನ ಹೆಸರಿನ ಜಾಗದಲ್ಲಿ `PÁgÀªÁgÀ` ಎಂದು ಬಂದಿತ್ತು. ಪಿನ್ ಕೋಡ್ ಬೇರೆ ಕಾಲಂನಲ್ಲಿದ್ದ ಕಾರಣ 581301 ಸರಿಯಾಗಿತ್ತು. ಆದರೆ ಅಷ್ಟರಿಂದ ಮನೆ ಸಿಗುವುದಿಲ್ಲ ಅಲ್ವಾ? ಎಷ್ಟೋ ಲಕೋಟೆಗಳು ವಾಪಸ್ ಬಂದವು. ಹಳೆಯ ಸದಸ್ಯರು ಸಭೆ ತಪ್ಪಿಸಿಕೊಂಡರು. ಅದು ನನಗೆ ಇವತ್ತಿಗೂ ಬೇಸರ.

ಕಾರಣ ಇಷ್ಟು. ನಮ್ಮ ಪಟ್ಟಿಯಲ್ಲಿ ಹಳೆಯ ಸಾಲುಗಳನ್ನು ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಹಳೆಯ ಫಾಂಟಿನಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಸೆಲ್ ಒಳಗೆ ಉಳಿಯುವುದು ಲ್ಯಾಟಿನ್ ಅಕ್ಷರ. ಹಳೆಯ ಬರಹ ಫಾಂಟಿನದ್ದೂ ಇದೇ ಕಥೆ. "ಕಾರವಾರ" ಎಂದು ನುಡಿಯಲ್ಲಿ ಬರೆದರೆ ಒಳಗೆ ಇರುವುದು `PÁgÀªÁgÀ`. UNICODE ನೋಡುವುದು ಸೆಲ್‌ನ ಮೊದಲ ಅಕ್ಷರವನ್ನು ಮಾತ್ರ. ಇಲ್ಲಿ ಅದು P, ಕೋಡ್ 80. ಹಾಗಾಗಿ ಕಾರವಾರ ಇಂಗ್ಲಿಷ್ ಗುಂಪಿಗೆ ಹೋಯಿತು. ಆ ಚೀಟಿಗಳನ್ನು ಏರಿಯಲ್ ಫಾಂಟಿನಲ್ಲಿ ಪ್ರಿಂಟ್ ಮಾಡಿದಾಗ ಒಳಗಿದ್ದದ್ದೇ ಹೊರಗೆ ಬಂತು.

ಹಾಗಾದರೆ ಮೇಲಿನ ಸಾಲುಗಳು ಹೇಗೆ ಸರಿ ಬಂದವು? ಅವು ಶಿರಸಿಯವು. ನುಡಿಯಲ್ಲಿ "ಶಿರಸಿ" ಎಂದರೆ `²gÀ¹`. ಮೊದಲ ಅಕ್ಷರ ², ಕೋಡ್ 178. ಅದು 127ಕ್ಕಿಂತ ಜಾಸ್ತಿ, ಹಾಗಾಗಿ "ಕನ್ನಡ" ಎಂದು ಬಂತು. "ಶ್ರೀ" ಎಂದು ಶುರುವಾಗುವ ಸಾಲುಗಳೂ ಅದೇ 178ರಿಂದ ಪಾಸಾದವು. ಒಂದೇ ಫಾಂಟ್, ಒಂದೇ ಕಾಲಂ, ಒಂದು ಊರು ಈಚೆ, ಇನ್ನೊಂದು ಊರು ಆಚೆ. ಪರೀಕ್ಷೆಗೆ ಮೇಲಿನ ಹತ್ತು ಸಾಲು ನೋಡಿ ಸುಮ್ಮನಾಗುವುದು ಅದಕ್ಕೇ ಅಪಾಯ.

ಕನ್ನಡ ಗುಂಪಿನ ಚೀಟಿಗಳನ್ನು ಅವರು ನುಡಿ ಫಾಂಟಿನಲ್ಲೇ ಪ್ರಿಂಟ್ ಮಾಡಿದ್ದರು. ನುಡಿ ಸಾಲುಗಳು ಚೆನ್ನಾಗಿ ಬಂದವು. ಸೆಲ್ ಒಳಗೂ ಕನ್ನಡ ಅಕ್ಷರವೇ ಇರುವ ಯೂನಿಕೋಡ್ ಸಾಲುಗಳನ್ನು ಕಂಪ್ಯೂಟರ್ ತಾನೇ ಬೇರೆ ಫಾಂಟಿನಲ್ಲಿ ತೋರಿಸಿತು. ಆದರೆ "ಶಿರಸಿ, Yallapur Road" ಎಂಬಂಥ ಮಿಶ್ರ ಸಾಲುಗಳಲ್ಲಿ ಇಂಗ್ಲಿಷ್ ಭಾಗ ಅರ್ಥವಿಲ್ಲದ ಕನ್ನಡವಾಯಿತು. ಹಾಗೆಯೇ 127ರ ಮೇಲಿನದ್ದೆಲ್ಲ ಕನ್ನಡ ಎಂದರೆ ಕಾರವಾರದ ಕಡೆ ದೇವನಾಗರಿಯಲ್ಲಿ ಬರೆದ ಕೊಂಕಣಿ ಹೆಸರುಗಳೂ ಅದರಲ್ಲೇ ಸೇರುತ್ತವೆ. ದೇವನಾಗರಿಯ ಕೋಡ್ 2304ರಿಂದ 2431.

ಇನ್ನು ಕೆಲವರು UNICODE ಬದಲು CODE ಬಳಸುತ್ತಾರೆ. ವಿಂಡೋಸ್‌ನಲ್ಲಿ ಅದು ಕನ್ನಡದ ಯಾವ ಅಕ್ಷರಕ್ಕೂ 63 ಎಂದೇ ಕೊಡುತ್ತದೆ. ಅದು ಪ್ರಶ್ನಾರ್ಥಕ ಚಿಹ್ನೆಯ ಕೋಡ್. ದೇವನಾಗರಿಗೂ ಅದೇ 63. ಈ ಕೆಲಸಕ್ಕೆ ಅದು ಬೇಡವೇ ಬೇಡ.

ನಂತರ ನಾವೇ ಕೂತು ಮಾಡಿದ ದಾರಿ ಹೇಳುತ್ತೇನೆ. ಮೊದಲ ಅಕ್ಷರ ನೋಡುವ ಬದಲು ಸೆಲ್‌ನ ಎಲ್ಲ ಅಕ್ಷರಗಳನ್ನೂ ಎಣಿಸಬೇಕು. ವಿಳಾಸ A ಕಾಲಂನಲ್ಲಿದ್ದರೆ B2ರಲ್ಲಿ ಇದನ್ನು ಹಾಕಿ:

```
=SUMPRODUCT((UNICODE(MID(A2,ROW($1:$150),1)&" ")>=3200)*(UNICODE(MID(A2,ROW($1:$150),1)&" ")<=3327))
```

ಇದು ಸೆಲ್‌ನ ಮೊದಲ 150 ಅಕ್ಷರಗಳನ್ನು ಒಂದೊಂದಾಗಿ ನೋಡಿ, ಕನ್ನಡ ಕೋಡ್ ಎಷ್ಟಿವೆ ಎಂದು ಹೇಳುತ್ತದೆ. ಕೊನೆಯ `&" "` ಬಿಡಬೇಡಿ. ಖಾಲಿ ಜಾಗಕ್ಕೆ UNICODE ತಪ್ಪು ತೋರಿಸಿ ಇಡೀ ಲೆಕ್ಕ ಕೆಡಿಸುತ್ತದೆ. ಯೂನಿಕೋಡ್‌ನ "ಕಾರವಾರ"ಕ್ಕೆ 6 ಎಂದು ಬಂದರೆ ಗಾಬರಿ ಬೇಡ, ದೀರ್ಘಗಳೂ ಪ್ರತ್ಯೇಕ ಕೋಡ್. ಎಕ್ಸೆಲ್ 2013ಕ್ಕಿಂತ ಹಳೆಯದರಲ್ಲಿ UNICODE ಇಲ್ಲ. ಹಾಳೆಯ ಮೊದಲ ಸಾಲಿನ ಮೇಲೆ ಹೊಸ ಸಾಲು ಸೇರಿಸಿದರೆ `$1:$150` ಹೋಗಿ `$2:$151` ಆಗುತ್ತದೆ, ಮೊದಲ ಅಕ್ಷರ ಲೆಕ್ಕಕ್ಕೆ ಸಿಗುವುದಿಲ್ಲ. ಅದನ್ನು ನೋಡಿಕೊಳ್ಳಿ.

C2ರಲ್ಲಿ ಅದೇ ಫಾರ್ಮುಲಾ, ಅಂಕಿ ಮಾತ್ರ 161 ಮತ್ತು 255. ಇದು ನುಡಿ, ಬರಹ ಸಾಲುಗಳನ್ನು ಹಿಡಿಯಲು. `PÁgÀªÁgÀ` ಒಳಗೆ Á, À, ª ಇವೆ, ಅವೆಲ್ಲ ಈ ನಡುವೆಯೇ ಬರುತ್ತವೆ. ನಮ್ಮ ಇಂಗ್ಲಿಷ್ ವಿಳಾಸಗಳಲ್ಲಿ ಅವು ಬರುವುದು ತೀರಾ ಅಪರೂಪ. D2ರಲ್ಲಿ ಎರಡೂ ಕಡೆ A2 ಬದಲು UPPER(A2) ಬರೆದು ಅಂಕಿಯನ್ನು 65 ಮತ್ತು 90 ಮಾಡಿ. ಅದು ಇಂಗ್ಲಿಷ್ ಅಕ್ಷರಗಳ ಲೆಕ್ಕ. ಆಮೇಲೆ E2ರಲ್ಲಿ:

```
=IF(C2>0,"ನುಡಿ",IF(AND(B2>0,D2>0),"ಮಿಶ್ರ",IF(B2>0,"ಕನ್ನಡ",IF(D2>0,"ಇಂಗ್ಲಿಷ್","ನೋಡಬೇಕು"))))
```

ಎಣಿಸಲು `=COUNTIF(E:E,"ಕನ್ನಡ")` ಸಾಕು. ಐದೂ ಗುಂಪುಗಳ ಮೊತ್ತ ಒಟ್ಟು ಸಾಲುಗಳಿಗೆ ಸಮ ಇರಬೇಕು. "ನೋಡಬೇಕು" ಗುಂಪಿನಲ್ಲಿ ದೇವನಾಗರಿ, ಬರೀ ಅಂಕಿ ಇರುವ ಸೆಲ್, ಖಾಲಿ ಸೆಲ್ ಸಿಗುತ್ತವೆ. "ನುಡಿ" ಗುಂಪನ್ನೂ ಒಮ್ಮೆ ಕಣ್ಣಾಡಿಸಿ, ಏಕೆಂದರೆ ಮನೆ ನಂಬರಿನ ½ ಚಿಹ್ನೆಯೂ ಅಲ್ಲಿ ಸಿಕ್ಕಿಬೀಳುತ್ತದೆ. ಒಂದೇ ಅಕ್ಷರದ ಇನಿಷಿಯಲ್ ಇದ್ದರೆ ಇದು ತಪ್ಪಬಹುದು. ನುಡಿಯ "ಅ" ಒಳಗೆ ಬರೀ C ಆಗಿರುತ್ತದೆ, ಅದನ್ನು ಯಾವ ಫಾರ್ಮುಲಾವೂ ಗುರುತಿಸುವುದಿಲ್ಲ.

ಅಂಗಡಿಗೆ ಕೊಡುವ ಮುಂಚೆಯೇ ಅನುಮಾನ ಇದ್ದರೆ, ಕನ್ನಡ ಕಾಣುವ ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಪಟ್ಟಿ ನೋಡಿ. ಸೆಲ್‌ನಲ್ಲಿ ಕನ್ನಡ, ಮೇಲೆ `PÁgÀªÁgÀ` ತರಹದ್ದು ಕಂಡರೆ ಅದು ನುಡಿ ಸಾಲು.

ನುಡಿ ಸಾಲುಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆದರೆ ಬೇರ್ಪಡಿಸಿದ ಮೇಲೆ, ಆ ಗುಂಪನ್ನು ಮಾತ್ರ. ಇಡೀ ಕಾಲಂ ಹಾಕಿದರೆ Karwar ಎಂದು ಇಂಗ್ಲಿಷಿನಲ್ಲೇ ಬರೆದದ್ದನ್ನೂ ಅದು ನುಡಿ ಎಂದು ತಿಳಿದು ಅರ್ಥವಿಲ್ಲದ ಕನ್ನಡ ಮಾಡುತ್ತದೆ. ಪರಿವರ್ತಿಸಿದ್ದನ್ನು ಹೊಸ ಕಾಲಂನಲ್ಲಿ ಇಡಿ, A ಕಾಲಂ ಮುಟ್ಟಬೇಡಿ. ಚೀಟಿ ಪ್ರಿಂಟ್ ಆಗುವ ಮುಂಚೆ "ಕ" ಅಕ್ಷರದಿಂದ ಶುರುವಾಗುವ ಊರುಗಳದ್ದೇ ಒಂದು ಹಾಳೆ ಕೇಳಿ ನೋಡಿ: ಕಾರವಾರ, ಕುಮಟಾ, ಕೋಡಿಬಾಗ.