ಗುಂಪು ಚರ್ಚೆಯೋ, ಒಬ್ಬರೇ ಕೊಡುವ ಸಂದರ್ಶನವೋ: ಎರಡರಲ್ಲೂ ಕುಳಿತು ಕಂಡದ್ದು

ಮಾರುಕಟ್ಟೆ ಸಮೀಕ್ಷೆಗೆಂದು ಹಣ ಕೊಟ್ಟು ಅಭಿಪ್ರಾಯ ಕೇಳುವ ಎರಡು ಬಗೆಯ ಕೆಲಸಗಳನ್ನು ಬೆಂಗಳೂರಿನಲ್ಲಿ ನಾನು ಮಾಡಿ ನೋಡಿದ್ದೇನೆ: ಅಡುಗೆ ಎಣ್ಣೆಯ ಕುರಿತ ಗುಂಪು ಚರ್ಚೆ ಒಂದು, ಬ್ಯಾಂಕ್ ಆ್ಯಪ್ ಕುರಿತು ವಿಡಿಯೋ ಕರೆಯಲ್ಲಿ ನಡೆದ ಸಂದರ್ಶನ ಇನ್ನೊಂದು.

ಗುಂಪು ಚರ್ಚೆಗೆ ಜನ ಹುಡುಕುವ ಮಹಿಳೆ ಫೋನಿನಲ್ಲಿ ಮೊದಲು ಕೇಳಿದ್ದು, ಮನೆಯಲ್ಲಿ ಯಾರಾದರೂ ಜಾಹೀರಾತು, ಪತ್ರಿಕೋದ್ಯಮ, ಸಮೀಕ್ಷೆ ಅಥವಾ ಎಣ್ಣೆ ವ್ಯಾಪಾರದಲ್ಲಿ ಇದ್ದಾರೆಯೇ ಎಂದು. ಇದ್ದರೆ ಅಲ್ಲಿಗೇ ಮುಗಿಯಿತು. ಕಳೆದ 6 ತಿಂಗಳಲ್ಲಿ ಇಂಥ ಚರ್ಚೆಗೆ ಹೋಗಿದ್ದೀರಾ ಎಂಬುದು ಎರಡನೆಯ ಪ್ರಶ್ನೆ. ಆಮೇಲೆ ಮನೆಯಲ್ಲಿ ಹೆಚ್ಚು ದುಡಿದು ತರುವವರ ಓದು ಎಷ್ಟು, ಫ್ರಿಜ್, ವಾಷಿಂಗ್ ಮಷೀನ್, ಕಾರು ಇವೆಯೇ ಎಂದು ಒಂದೊಂದಾಗಿ ಕೇಳಿದರು. ಸಂಬಳ ಕೇಳಿದರೆ ಜನ ನಿಜ ಹೇಳುವುದಿಲ್ಲವಾದ್ದರಿಂದ, ಓದು ಮತ್ತು 11 ವಸ್ತುಗಳ ಪಟ್ಟಿಯಿಂದಲೇ ಮನೆಯನ್ನು ಎ1ರಿಂದ ಇ3ರವರೆಗಿನ ದರ್ಜೆಗಳಲ್ಲಿ ಒಂದಕ್ಕೆ ಸೇರಿಸುವ ಎನ್‌ಸಿಸಿಎಸ್ ಪದ್ಧತಿ ಅದು. ಸ್ಥಳಕ್ಕೆ ಹೋದ ಮೇಲೆ ಅವೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ. ಉತ್ತರ ಬದಲಾದರೆ ಒಳಗೆ ಬಿಡುವುದಿಲ್ಲ. ಆ ದಿನ ನನ್ನ ಪಕ್ಕ ಕುಳಿತಿದ್ದ ಹೆಂಗಸಿಗೆ ಯಾವ ಬ್ರ್ಯಾಂಡ್ ಹೇಳಬೇಕೆಂದು ಅವರನ್ನು ಕರೆಸಿದವರೇ ಮೊದಲೇ ಕಲಿಸಿಕೊಟ್ಟಿದ್ದರು. ಡಬ್ಬಿಯೋ ಪ್ಯಾಕೆಟ್ಟೋ ಎಂದು ಕೇಳಿದಾಗ ಅವರು ತಡವರಿಸಿದರು. ಹಾಗೆ ಹೇಳಿಕೊಡುವವರ ಬಳಿ ಹೋಗಲೇಬಾರದೆಂದು ನನಗೆ ಅನ್ನಿಸಿದ್ದು ಆಗ.

ಸಂದರ್ಶನದ ಆಯ್ಕೆ ನಡೆಯುವುದು ವೆಬ್‌ಸೈಟಿನ ಅರ್ಜಿಯಲ್ಲಿ. ಅಲ್ಲಿ ಯಾವ ಉತ್ತರ ಬೇಕೆಂಬುದು ಗೊತ್ತಾಗದಂತೆ ಹಲವು ಆಯ್ಕೆಗಳ ನಡುವೆ ಪ್ರಶ್ನೆಯನ್ನು ಅಡಗಿಸಿರುತ್ತಾರೆ, ಸುಳ್ಳು ಹೇಳುವವರು ಸಿಕ್ಕಿಬೀಳಲೆಂದು ಕೆಲವೊಮ್ಮೆ ಇಲ್ಲದ ಆ್ಯಪ್‌ನ ಹೆಸರನ್ನೂ ಸೇರಿಸಿರುತ್ತಾರೆ. ಆರು ಅರ್ಜಿ ತುಂಬಿದ ಮೇಲೆ ಒಂದಕ್ಕೆ ಕರೆ ಬಂತು.

ಈಗ ಹಣದ ಲೆಕ್ಕ. ಗುಂಪು ಚರ್ಚೆಗೆ ₹1,200 ಕೊಟ್ಟರು, ಅದೇ ದಿನ, ಲಕೋಟೆಯಲ್ಲಿ ನಗದಾಗಿ. ಆದರೆ ಫೋನಿನ ಪ್ರಶ್ನೆಗಳು, ಹೋಗಿಬರುವುದು, ಅರ್ಧ ಗಂಟೆ ಮೊದಲೇ ಹೋಗಿ ಕಾಯುವುದು, ಎರಡು ಗಂಟೆ ಮೀರಿದ ಮಾತು, ಎಲ್ಲ ಸೇರಿ ಐದು ಗಂಟೆಯಾಯಿತು. ಆಟೋಗೆ ₹300 ಹೋಯಿತು. ಉಳಿದದ್ದು ಗಂಟೆಗೆ ₹180. ಸಂದರ್ಶನಕ್ಕೆ ₹1,800, ಮಾತು ಒಂದು ಗಂಟೆ, ಆರು ಅರ್ಜಿಗಳಿಗೆ ಇನ್ನೊಂದು ಗಂಟೆ. ಅಂದರೆ ಗಂಟೆಗೆ ₹900, ಆದರೆ ಅದು ಗಿಫ್ಟ್ ವೋಚರ್ ರೂಪದಲ್ಲಿ 12 ದಿನಗಳ ನಂತರ ಬಂತು. ನನ್ನ ಮಟ್ಟಿಗೆ ಸಂದರ್ಶನವೇ ಮೇಲು. ಇಂಟರ್‌ನೆಟ್ ಸರಿಯಿಲ್ಲದವರಿಗೆ ಅಥವಾ ನಗದು ಅಂದೇ ಬೇಕಾದವರಿಗೆ ಗುಂಪು ಚರ್ಚೆ ಅನುಕೂಲ.

ಗುಂಪಿಗೆ ಎಂಟು ಜನ ಸಾಕಿದ್ದರೂ, ಯಾರಾದರೂ ತಪ್ಪಿಸಿಕೊಂಡಾರೆಂದು ಹತ್ತು ಜನರನ್ನು ಕರೆಯುವುದು ರೂಢಿ. ಹೆಚ್ಚಾದವರಿಗೂ ಪೂರ್ತಿ ಹಣ ಕೊಟ್ಟು ಕಳುಹಿಸುವುದೇ ನ್ಯಾಯ, ಏಕೆಂದರೆ ಅವರು ಮಾತಿನಂತೆ ಬಂದಿದ್ದಾರೆ. ಒಮ್ಮೆ ನನ್ನನ್ನು ಬಾಗಿಲಿನಿಂದಲೇ ಬರಿಗೈಯಲ್ಲಿ ಹಿಂದಿರುಗಿಸಿದರು. ಅಂದಿನಿಂದ ಫೋನಿನಲ್ಲಿಯೇ, "ಜನ ಹೆಚ್ಚಾದರೆ ನನಗೆ ಎಷ್ಟು ಕೊಡುತ್ತೀರಿ?" ಎಂದು ಕೇಳಿ, ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಂಡೇ ಮನೆಯಿಂದ ಹೊರಡುತ್ತೇನೆ.