ಕನ್ನಡ ನಿರೂಪಣೆ ದೃಶ್ಯಕ್ಕಿಂತ ಉದ್ದವಾದರೆ: ಓಡಿಸೋದಾ, ನಿಲ್ಲಿಸೋದಾ, ಕತ್ತರಿಸೋದಾ?

ಕೋಲಾರದ ಟೊಮೆಟೊ ಬೆಳೆಗಾರರಿಗಾಗಿ ಒಂದು ಇಂಗ್ಲಿಷ್ ವಿಡಿಯೊಗೆ ಕನ್ನಡ ದನಿ ಕೂರಿಸುತ್ತಿದ್ದೀರಿ ಅಂದುಕೊಳ್ಳಿ. ಡ್ರಿಪ್ ಫಿಲ್ಟರ್ ತೊಳೆಯುವ ದೃಶ್ಯ 12 ಸೆಕೆಂಡು, ನಿಮ್ಮ ಮಾತು 16 ಸೆಕೆಂಡು.

ವೇಗ ಹೆಚ್ಚಿಸೋದು ಸುಲಭ. ffmpegನಲ್ಲಿ `atempo=1.34` ಕೊಟ್ಟರೆ ದನಿ ಕೀರಲಾಗದೆ 12 ಸೆಕೆಂಡಿಗೆ ಕೂರುತ್ತದೆ, ಆದರೆ ಉಸಿರಿನ ಬಿಡುವುಗಳೂ ಕುಗ್ಗಿ, ಕೇಳುವವರಿಗೆ ಒಂದು ಹೆಜ್ಜೆ ಮನಸ್ಸಿಗೆ ಇಳಿಯುವ ಮೊದಲೇ ಇನ್ನೊಂದು ಬಂದುಬಿಡುತ್ತದೆ. 1.1ಕ್ಕಿಂತ ಜಾಸ್ತಿ ಬೇಡ.

ಕೊನೆಯ ಫ್ರೇಮ್ ನಿಲ್ಲಿಸಿ 4 ಸೆಕೆಂಡು ಸೇರಿಸಬಹುದು. ಹರಿಯುವ ನೀರು ಥಟ್ಟನೆ ನಿಂತರೆ ಎದ್ದು ಕಾಣುತ್ತದೆ ಅಲ್ವಾ?

ನಾನು ಮಾತನ್ನೇ ಕತ್ತರಿಸುತ್ತೇನೆ. ‘ಇಲ್ಲಿ ಕಾಣುತ್ತಿರುವಂತೆ ಮುಚ್ಚಳವನ್ನು ಕೈಯಿಂದ ತಿರುಗಿಸಿ ತೆರೆಯಬೇಕು’ ಅನ್ನೋದು ‘ಮುಚ್ಚಳ ಬಿಚ್ಚಿ’ ಆದರೆ ಸಾಕು, ಉಳಿದದ್ದನ್ನು ಚಿತ್ರವೇ ತೋರಿಸುತ್ತದೆ. ‘ಮೊದಲು ಪಂಪ್ ನಿಲ್ಲಿಸಿ’ ಅನ್ನೋದನ್ನು ಮಾತ್ರ ತೆಗೆಯಬೇಡಿ, ಅದು ಚಿತ್ರದಲ್ಲಿಲ್ಲ.