ಟೀ-ಕಾಫಿ ಕಲೆಗೆ ಆಕ್ಸಿಜನ್ ಬ್ಲೀಚ್ ಪೌಡರ್: ವರ್ಷಗಟ್ಟಲೆ ಬಳಸಿದ ಮೇಲೆ

ಬಿಳಿ ಕಾಟನ್ ಶರ್ಟು, ಟೇಬಲ್ ಕ್ಲಾತ್ ಎರಡಕ್ಕೂ ಇದನ್ನ ತುಂಬಾ ದಿನದಿಂದ ಬಳಸ್ತಿದೀನಿ. ಐದಕ್ಕೆ ನಾಲ್ಕು ಕೊಡ್ತೀನಿ. ಆದ್ರೆ ಕಲೆ ಬಿದ್ದ ತಕ್ಷಣ ಇದನ್ನೇ ಸುರಿಯೋದಲ್ಲ, ಅದಕ್ಕೂ ಮುಂಚೆ ಮಾಡೋದು ಒಂದಿಷ್ಟಿದೆ.

ಟೀ ಕಾಫಿ ಕಲೆ ಅಂದ್ರೆ ಟ್ಯಾನಿನ್ ಕಲೆ, ಅಂದ್ರೆ ಗಿಡಗಳಲ್ಲಿರೋ ಒಗರು ಅಂಶದ್ದು. ಇದಕ್ಕೆ ಮೊದಲ ರೂಲ್ ಸೋಪ್ ಮುಟ್ಟಿಸಬಾರದು ಅನ್ನೋದು. ಸುಮಾರು ಜನ ಬಟ್ಟೆ ಸೋಪಿನ ಬಾರ್ ತಗೊಂಡು ಗಸಗಸ ಉಜ್ಜಿಬಿಡ್ತಾರೆ, ಅದರಿಂದ ಕಲೆ ಹೋಗೋ ಬದಲು ನೂಲಿಗೆ ಇನ್ನೂ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಡಿಟರ್ಜೆಂಟ್ ಬೇರೆ, ಅದು ಪರವಾಗಿಲ್ಲ. ಹಸಿ ಕಲೆ ಆದ್ರೆ ಬಟ್ಟೆ ತಿರುಗಿಸಿ ಹಿಂಭಾಗದಿಂದ ನಲ್ಲಿ ನೀರು ಬಿಟ್ಟು, ಲಿಕ್ವಿಡ್ ಡಿಟರ್ಜೆಂಟ್ ಹಚ್ಚಿ, ಬಿಸಿ ನೀರಲ್ಲಿ ಒಗೆದ್ರೆ ಎಷ್ಟೋ ಸಲ ಈ ಪೌಡರ್ ಬೇಕೇ ಆಗಲ್ಲ.

ಹಾಲು ಹಾಕಿದ ಟೀ ಆದ್ರೆ ಕಥೆ ಸ್ವಲ್ಪ ಬೇರೆ. ಹಾಲಿನ ಪ್ರೋಟೀನ್ ಬಿಸಿಗೆ ಗಟ್ಟಿಯಾಗುತ್ತೆ, ಹಂಗಾಗಿ ಮೊದಲು ತಣ್ಣೀರು, ಎನ್ಜೈಮ್ ಇರೋ ಡಿಟರ್ಜೆಂಟಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಬಿಸಿ ನೀರು.

ಪೌಡರ್ ನಿಜವಾಗ್ಲೂ ಕೆಲಸಕ್ಕೆ ಬರೋದು ಹಳೇ ಕಲೆಗೆ. ನಮ್ಮ ಟೇಬಲ್ ಕ್ಲಾತ್ ಮೇಲೆ ಲೋಟದ ತಳದ ಉಂಗುರ ಒಂದಿತ್ತು, ನಡುವೆ ತಿಳಿಕಂದು, ಅಂಚಲ್ಲಿ ಗಾಢ, ಯಾಕಂದ್ರೆ ಒಣಗೋವಾಗ ನೀರು ಬಣ್ಣವನ್ನೆಲ್ಲ ಅಂಚಿಗೆ ಎಳ್ಕೊಂಡು ಹೋಗಿರುತ್ತೆ. ಮೊದಲು ಹಾಲಿನಂಶ ತೆಗೆದು, ಕೈಗೆ ಸುಡೋವಷ್ಟು ಬಿಸಿ ನೀರಿಗೆ ಲೀಟರಿಗೆ ಒಂದು ಟೇಬಲ್ ಸ್ಪೂನ್ ಪೌಡರ್ ಪೂರ್ತಿ ಕರಗಿಸಿ, ಗ್ಲೌಸ್ ಹಾಕ್ಕೊಂಡು ಬಟ್ಟೆ ಮುಳುಗಿಸಿಟ್ಟೆ. ಸಣ್ಣ ಸಣ್ಣ ಗುಳ್ಳೆ ಬರ್ತಿರುತ್ತೆ, ಪೌಡರಲ್ಲಿರೋ ಸೋಡಿಯಂ ಪರ್ಕಾರ್ಬೊನೇಟ್ ಒಡೆದು ಹೈಡ್ರೋಜನ್ ಪೆರಾಕ್ಸೈಡ್ ಬಿಡ್ತಿದೆ ಅಂತ ಅರ್ಥ. ಬಣ್ಣ ತೆಗೆಯೋದು ಅದೇ. ತಣ್ಣೀರಲ್ಲಿ ಇದು ತುಂಬಾ ನಿಧಾನ, ಪೌಡರ್ ಕೆಲಸ ಮಾಡಲ್ಲ ಅಂತ ಬೈಯೋರು ಬಹುಶಃ ತಣ್ಣೀರಲ್ಲೇ ಹಾಕಿರ್ತಾರೆ. ಕೆಲವು ಗಂಟೆ ಬಿಟ್ಟು ನೋಡಿದ್ರೆ ನಡುವಿನ ಬಣ್ಣ ಪೂರ್ತಿ ಹೋಗಿತ್ತು, ಅಂಚಿನ ಗೆರೆ ಮಾತ್ರ ಮಸುಕಾಗಿ ಉಳಿದಿತ್ತು. ಹಳೇ ನೀರು ಚೆಲ್ಲಿ ಹೊಸದಾಗಿ ಕಲಸಿ ಮತ್ತೆ ನೆನೆಸಿದ್ಮೇಲೆ ಅದೂ ಹೋಯ್ತು.

ಶರ್ಟಿಗೂ ಇದೇ ಕ್ರಮ, ಆದ್ರೆ ಕಲೆ ಪೂರ್ತಿ ಹೋಗೋ ತನಕ ಇಸ್ತ್ರಿ ಪೆಟ್ಟಿಗೆ, ಡ್ರೈಯರ್ ಎರಡೂ ದೂರ ಇಡಿ. ನೆರಳಲ್ಲಿ ಒಣಗಿಸಿ ಬೆಳಕಿಗೆ ಹಿಡಿದು ನೋಡಿ, ಹಳದಿ ಛಾಯೆ ಕಂಡ್ರೆ ವಾಪಸ್ ಬಕೆಟ್ಟಿಗೆ. ಕ್ಲೋರಿನ್ ಬ್ಲೀಚ್ ಬೇಗ ತೆಗೆಯುತ್ತೆ ನಿಜ, ಆದ್ರೆ ಪದೇ ಪದೇ ಹಾಕಿದ್ರೆ ನೂಲು ಸವೆಯುತ್ತೆ, ಎರಡನ್ನೂ ಒಟ್ಟಿಗೆ ಮಾತ್ರ ಬೆರೆಸಲೇಬೇಡಿ.

ಒಂದು ಮಾರ್ಕ್ ಕಟ್ ಮಾಡಿದ್ದು ಯಾಕಂದ್ರೆ ಕಲಸಿದ ನೀರನ್ನ ಎತ್ತಿಡೋಕಾಗಲ್ಲ. ಕೆಲವೇ ಗಂಟೇಲಿ ಶಕ್ತಿ ಹೋಗುತ್ತೆ, ಬಾಟಲಿಗೆ ಹಾಕಿ ಮುಚ್ಚಿದ್ರಂತೂ ಗ್ಯಾಸ್ ತುಂಬಿ ಬಾಟಲಿ ಒಡೆಯಬಹುದು, ಹಂಗಾಗಿ ಸಣ್ಣ ಕಲೆಗೂ ಪ್ರತಿ ಸಲ ಹೊಸದಾಗೇ ಕಲಸ್ಬೇಕು.